ನಾಲ್ಕನೆಯ ಚೀಟಿ

ಬಾಯಿ ಆಡದ, ಕೈ ಏಳದ, ಕೊನೆಗೆ ಕಣ್ಣುಗುಡ್ಡೆಯೂ ಹೊರಳದ ಒಬ್ಬ ಹೆಂಗಸು ನಾಟಕ ಬರೆಯುವುದು ಸಾಧ್ಯವೇ? ಕಂಪನಿ ನಾಟಕದವರನ್ನು ಹಿಂದೆ ಯಾರಾದರೂ ಹೀಗೆ ಕೇಳಿದ್ದರೆ, "ಅದ್ರಾಗೇನೈತ್ರಿ, ನಮ್ಮ ಕವಿಗೋಳು ಎಷ್ಟೋ ಮಂದಿ ಕಣ್ಣು ಮುಚ್ಚಿಕೊಂಡೇ ಬರದಾರ" ಎಂದು ನಕ್ಕುಬಿಡುತ್ತಿದ್ದರು. ಈಗ ನಗುವುದಕ್ಕೆ ಕಂಪನಿಯೂ ಇಲ್ಲ, ಆ ಮಂದಿಯೂ ಇಲ್ಲ. ಆ ಹೆಂಗಸನ್ನು ಬಿಟ್ಟರೆ ಉಳಿದವನು ಒಬ್ಬನೇ, ಪ್ರಾಂಪ್ಟರ್ ರೇವಣಸಿದ್ದಪ್ಪ ಬೂದಿಹಾಳ.

ಪ್ರಾಂಪ್ಟರ್ ಎಂದರೆ ಪರದೆಯ ಪಕ್ಕದ ಮರೆಯಲ್ಲಿ ಸ್ಟೂಲು ಹಾಕಿಕೊಂಡು ಕುಳಿತು, ನಟರು ಮಾತು ಮರೆತಾಗ ಮುಂದಿನ ಸಾಲನ್ನು ಪಿಸುಗುಟ್ಟುವವನು. ರೇವಣ್ಣ ಮೂವತ್ತೆಂಟು ವರ್ಷ ಆ ಸ್ಟೂಲಿನ ಮೇಲೆ ಕಳೆದ. ಮದುವೆಯಾಗಲಿಲ್ಲ. ಕಂಪನಿ ಊರೂರು ತಿರುಗುವಾಗ ಹೆಣ್ಣು ಕೊಡುವವರು ಯಾರು, ನಿಂತ ಮೇಲೆ ಮುದುಕನಿಗೆ ಕೊಡುವವರು ಯಾರು? ಕಂಪನಿ ಮುಚ್ಚಿ ಹನ್ನೊಂದು ವರ್ಷವಾಗಿತ್ತು. ಹುಬ್ಬಳ್ಳಿಯ ಒಂದು ಬಾಡಿಗೆ ಕೋಣೆಯಲ್ಲಿ ಅವನು, ಒಂದು ಟ್ರಂಕು, ಟ್ರಂಕಿನ ತುಂಬ ಹಸ್ತಪ್ರತಿಗಳು. ವಾರಗಟ್ಟಲೆ ಯಾರೊಡನೆಯೂ ಮಾತಾಡದೆ ಇರುವುದು ಅವನಿಗೆ ರೂಢಿಯಾಗಿತ್ತು. ರೂಢಿಯಾದ ಮಾತ್ರಕ್ಕೆ ಅದು ಹಗುರವಾಗುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಅಂಥವನಿಗೆ ಒಂದು ದಿನ ಊರ ಹೊರಗಿನ ನರವಿಜ್ಞಾನ ಕೇಂದ್ರದಿಂದ ಕರೆ ಬಂತು. ಕಂಪನಿಯ ಕವಿಯೂ ನಾಯಕಿಯೂ ಆಗಿದ್ದ ಚಂದ್ರಾಬಾಯಿ ಅಲ್ಲಿದ್ದಾರೆ, ಬರಬೇಕು ಎಂದು. ನರಗಳು ಒಂದೊಂದಾಗಿ ಸೋಲುವ ರೋಗ. ಮೊದಲು ಕೈ ಹೋಯಿತು, ಆಮೇಲೆ ನಾಲಗೆ, ಆಮೇಲೆ ಉಸಿರು ಯಂತ್ರದ್ದಾಯಿತು. ಕಣ್ಣು ಒಂದು ಉಳಿದಿದ್ದಾಗ, ಅಕ್ಷರದ ಹಲಗೆ ನೋಡಿ ನೋಡಿ ಅವರು ಕೊನೆಯದಾಗಿ ಹೇಳಿದ್ದು ಇಷ್ಟು: "ಬೆಳ್ಳಿ ಕಡಗ ಮುಗಿಬೇಕು. ರೇವಣ್ಣನ್ನ ಕರಿಸ್ರಿ." 'ಬೆಳ್ಳಿ ಕಡಗ' ಅವರು ಅರ್ಧಕ್ಕೆ ನಿಲ್ಲಿಸಿದ್ದ ನಾಟಕ. ಮರುವಾರ ಕಣ್ಣೂ ನಿಂತಿತು.

"ಬುದ್ಧಿ ನಿಂತಿಲ್ರಿ," ಎಂದಳು ಡಾಕ್ಟರ್ ಫರ್ಹಾನಾ ಮುಲ್ಲಾ, ಮೊದಲ ದಿನವೇ. ಬಾಗಲಕೋಟೆ ಕಡೆಯವಳು, ಮೂವತ್ತೈದರ ಆಸುಪಾಸು, ಸದಾ ಕೈಯಲ್ಲಿ ಆರಿದ ಚಹಾ. "ಒಳಗ ಎಲ್ಲಾ ನಡದೈತಿ. ಹೊರಗ ಬರಾಕ ಬಾಗಿಲಿಲ್ಲ, ಅಷ್ಟ."

ಬಾಗಿಲು ಮಾಡುವುದೇ ಅವಳ ಕೆಲಸ. ಚಂದ್ರಾಬಾಯಿಯ ತಲೆಗೆ ನೂರಾರು ಗುಂಡಿಗಳಿದ್ದ ರಬ್ಬರಿನ ಟೊಪ್ಪಿಗೆ ತೊಡಿಸಿ ಅವಳು ರೇವಣ್ಣನಿಗೆ ತಿಳಿಸಿ ಹೇಳಿದಳು. ಮನುಷ್ಯ ಒಂದು ಶಬ್ದಕ್ಕಾಗಿ ಕಾಯುತ್ತಿದ್ದಾನೆ ಎನ್ನಿ. ಹತ್ತಾರು ಶಬ್ದಗಳ ನಡುವೆ ಅದು ಕಿವಿಗೆ ಬಿದ್ದ ಕೂಡಲೇ, ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತಿಗೆ ಮಿದುಳಿನಲ್ಲಿ ಒಂದು ಸಣ್ಣ ವಿದ್ಯುತ್ ಅಲೆ ಏಳುತ್ತದೆ. ಒಂದು ಸಲಕ್ಕೆ ಅದು ಕಾಣುವುದಿಲ್ಲ, ಸಂತೆಯ ಗದ್ದಲದಲ್ಲಿ ಒಬ್ಬರ ದನಿ ಇದ್ದ ಹಾಗೆ. ಮೂವತ್ತು ನಲವತ್ತು ಸಲ ಕೇಳಿಸಿ ಸರಾಸರಿ ತೆಗೆದರೆ ಗದ್ದಲ ಕರಗಿ ಅಲೆ ನಿಲ್ಲುತ್ತದೆ. ಈ ಸಂಗತಿ ಹಳೆಯದು. ಅಕ್ಷರ ಹೆಕ್ಕಿಸಲು ಎಷ್ಟೋ ಕಡೆ ಬಳಸಿದ್ದರು. ಆದರೆ ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಚಂದ್ರಾಬಾಯಿಗೆ ಮೂರು ಅಕ್ಷರಕ್ಕೆ ಒಂದು ಬೆಳಗು ಮುಗಿಯುತ್ತಿತ್ತು. ದಿನಕ್ಕೆ ನಲವತ್ತು ನಿಮಿಷದ ಮೇಲೆ ಅವರ ಗಮನ ನಿಲ್ಲುತ್ತಿರಲಿಲ್ಲ.

"ಅದಕ್ಕ ನಾ ಹಿಂಗ ವಿಚಾರ ಮಾಡಿದೆ," ಎಂದಳು ಫರ್ಹಾನಾ. "ಅಕ್ಷರ ಯಾಕ? ಅವರು ಇಟ್ಟಂಗಿ ಹೊರೂದು ಬ್ಯಾಡ, ಮನಿ ಯಾವ ಕಡಿ ಮುಖ ಮಾಡಬೇಕಂತ ಹೇಳಿದ್ರ ಸಾಕು. ಕಥಿ ಎಲ್ಲಿ ಕವಲೊಡಿತದೋ ಅಲ್ಲಿ ನೀವು ಮೂರು ದಾರಿ ಓದಿ ಹೇಳ್ರಿ. ಒಂದೊಂದು ದಾರಿಗೆ ಒಂದೊಂದು ಗುರುತಿನ ಶಬ್ದ. ಅವರು ತಮಗ ಬೇಕಾದ ಶಬ್ದಾ ಎಷ್ಟು ಸಲ ಬಂತಂತ ಮನಸಿನ್ಯಾಗ ಎಣಿಸ್ತಾರ. ದಿನಕ್ಕ ಒಂದು, ಭಾಳಂದ್ರ ಎರಡು ಆಯ್ಕಿ."

"ದಾರಿ ಹೇಳೂದಲ್ಲೇನ್ರಿ," ಎಂದ ರೇವಣ್ಣ, "ಹುಟ್ಟಿದಾಗಿಂದ ಅದನ್ನ ಮಾಡೀನಿ."

ಅಲ್ಲಿಯೇ ಅವನು ಎಡವಿದ್ದು.

*

ನಾಟಕ ಎರಡನೆಯ ಅಂಕದ ಕೊನೆಯವರೆಗೆ ಬಂದು ನಿಂತಿತ್ತು. ಸೂಲಗಿತ್ತಿ ನಾಗವ್ವ ಒಂದೇ ದಿನ ಎರಡು ಹೆರಿಗೆ ಮಾಡಿಸುತ್ತಾಳೆ. ಡೊಳ್ಳಿನ ಬೀರಪ್ಪನ ಹೆಂಡತಿ ಸಾಯುವ ಮುಂಚೆ, ತನ್ನ ಕೂಸು ಹಸಿದು ಬೆಳೆಯಬಾರದೆಂದು ಕೈಹಿಡಿದು ಬೇಡುತ್ತಾಳೆ. ನಾಗವ್ವ ಅದನ್ನು ದೇಸಾಯರ ತೊಟ್ಟಿಲಿಗೆ ಹಾಕಿ, ದೇಸಾಯರ ಕೂಸನ್ನು ಬೀರಪ್ಪನ ಮಡಿಲಿಗೆ ಕೊಡುತ್ತಾಳೆ. ಯಾರಿಗೂ ಹೇಳುವುದಿಲ್ಲವೆಂದು ಸಾಯುವವಳ ಮುಂದೆ ದೀಪ ಮುಟ್ಟಿ ಆಣೆ. ಇಪ್ಪತ್ತೈದು ವರ್ಷದ ಮೇಲೆ, ದೇಸಾಯರ ಕೂಸಿನ ಕಾಲಿನಲ್ಲಿದ್ದ ಬೆಳ್ಳಿ ಕಡಗ ಬೀರಪ್ಪನ ಮನೆಯಲ್ಲಿ ಸಿಗುತ್ತದೆ. ಕಳ್ಳತನದ ಆರೋಪ. ಚಾವಡಿಯಲ್ಲಿ ನ್ಯಾಯ ಹೇಳಲು ಕುಳಿತವನು ಯುವಕ ಜಯಸಿಂಹ ದೇಸಾಯಿ. ಕಟಕಟೆಯಲ್ಲಿ ನಿಂತ ಮುದುಕನೇ ತನ್ನ ಹೆತ್ತ ತಂದೆ ಎಂಬುದು ಅವನಿಗೆ ಗೊತ್ತಿಲ್ಲ. ಅವನು ನಾಗವ್ವನನ್ನು ಕೇಳುತ್ತಾನೆ: ಈ ಕಡಗ ಇವನ ಮನೆಗೆ ಹೇಗೆ ಬಂತು?

ಕೂಸು ಬದಲಾಗದ ಕಂಪನಿ ನಾಟಕ ಉಂಟೇ ಎಂದು ನೀವು ನಗಬಹುದು. ನಗಿರಿ. ಚಂದ್ರಾಬಾಯಿ ಆ ಹಳೆಯ ಗಾಡಿಯನ್ನು ಬೇರೆ ಊರಿಗೆ ಹೊಡೆಯಬಲ್ಲವರು.

ರೇವಣ್ಣ ಮೂರು ಚೀಟಿ ಬರೆದ. ನಾಗವ್ವ ಅಳುತ್ತ ನಿಜ ಹೇಳುತ್ತಾಳೆ: ಗುರುತಿನ ಶಬ್ದ "ಕಣ್ಣೀರು". ನಾಗವ್ವ ಹಾಡಿನಲ್ಲಿ ನಿಜ ಹೇಳುತ್ತಾಳೆ: "ರಾಗ". ನಾಗವ್ವ ಸಿಟ್ಟಿನಿಂದ ಎಲ್ಲರನ್ನೂ ಜಾಡಿಸಿ ನಿಜ ಹೇಳುತ್ತಾಳೆ: "ಬೆಂಕಿ". ಮೂರನ್ನೂ ಕಂಪನಿ ದನಿಯಲ್ಲಿ ಓದಿದ. ಹಾಡಿನ ಚೀಟಿ ಬಂದಾಗ ದನಿ ತಾನಾಗಿ ಏರಿತು, ಯಾಕೆಂದರೆ ಅವನಿಗೆ ಬೇಕಾದದ್ದು ಅದು.

"ಹಂಗ ಓದಬ್ಯಾಡ್ರಿ," ಎಂದಳು ಫರ್ಹಾನಾ. "ದನಿ ಏರಿದ ಶಬ್ದಕ್ಕ ಮಿದುಳು ತಾನ ಬೆಚ್ಚತೈತಿ. ಅದು ಬೆಚ್ಚಿದ ಅಲಿ, ಆರಿಸಿದ್ದಲ್ಲ. ನನಗ ಸುಳ್ಳು ಉತ್ತರ ಸಿಗತೈತಿ."

ಗುರುತಿನ ಶಬ್ದಗಳನ್ನು ಚಂದ್ರಾಬಾಯಿಯ ತಂಗಿ ಕಸ್ತೂರಿಬಾಯಿಯ ದನಿಯಲ್ಲಿ ಮುದ್ರಿಸಿದರು. ಆಕೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿಗಳ ಹೆಸರು ಕೂಗಿ ನಿವೃತ್ತಳಾದವಳು. ಹಬ್ಬದ ಊಟಕ್ಕೆ ಕರೆದರೂ ಮೂರನೇ ಪ್ಲಾಟ್‌ಫಾರ್ಮಿಗೆ ಕರೆದ ಹಾಗೆಯೇ ಕೇಳುತ್ತಿತ್ತು. ಇದಕ್ಕಿಂತ ಸಮನಾದ ದನಿ ಇಡೀ ಜಿಲ್ಲೆಯಲ್ಲಿ ಇರಲಾರದು.

ಕಣ್ಣೀರು, ಬೆಂಕಿ, ರಾಗ. ರಾಗ, ಕಣ್ಣೀರು, ಬೆಂಕಿ. ನಡುನಡುವೆ ಅರ್ಥವಿಲ್ಲದ ಒಂದೆರಡು ಶಬ್ದ. ನಲವತ್ತು ಸುತ್ತು. ಯಂತ್ರದ ಪರದೆಯ ಮೇಲೆ ಗೆರೆ ಏಳಲಿಲ್ಲ. ಮರುದಿನವೂ ಇಲ್ಲ. ರೇವಣ್ಣ ಚೀಟಿಯ ಮಾತು ಬದಲಿಸಿದ, ಅಳುವನ್ನು ಬಿಕ್ಕಳಿಕೆ ಮಾಡಿದ, ಹಾಡಿನ ಮಟ್ಟು ಬದಲಿಸಿದ. ಹದಿನಾರು ದಿನ. ಹೆಸರು ಚಂದ್ರಾಬಾಯಿ ಹೌದೋ ಅಲ್ಲವೋ ಎಂಬ ಪರೀಕ್ಷೆಗೆ ಮೊದಲ ವಾರ ಸರಿಯಾಗಿ ಬಂದಿದ್ದ ಅಲೆಯೂ ಈಗ ಬರುತ್ತಿರಲಿಲ್ಲ. ಕೀರಲು ಸದ್ದು ಮಾಡಿದರೆ ಮಾತ್ರ ಗೆರೆ ಸ್ವಲ್ಪ ಅಲುಗುತ್ತಿತ್ತು. ಅದು ನಿದ್ದೆಯಲ್ಲಿರುವವರಿಗೂ ಅಲುಗುತ್ತದೆ, ಸಾಕ್ಷಿಯಾಗದು.

ಕೇಂದ್ರದ ಸಮಿತಿ ಕೂತು ನೋಡಿತು. ಟೊಪ್ಪಿಗೆ ಇದ್ದದ್ದು ಒಂದೇ. ಕಾಯುವವರ ಪಟ್ಟಿಯಲ್ಲಿ ಇನ್ನೂ ಏಳು ಜನ.

"ಸೋಮವಾರದ ತನಕ ಟೈಮ್ ಕೊಟ್ಟಾರ," ಎಂದಳು ಫರ್ಹಾನಾ ನೆಲ ನೋಡುತ್ತ. "ಆಮ್ಯಾಲ 'ಅರಿವು ಇಲ್ಲ' ಅಂತ ಬರೀತಾರ. ಒಮ್ಮೆ ಹಂಗ ಬರದ್ರ ಟೊಪ್ಪಿಗಿನೂ ಹೋತು, ಇವರ ಕೂಡ ಮಾತಾಡೂದೂ ಹೋತು. ಹಾಸಿಗಿ ಒರೆಸ್ತಾರ, ನಳಿಗಿ ಬದಲಿ ಮಾಡ್ತಾರ, ಅಷ್ಟ. ಒಳಗ ಒಬ್ಬರು ಅದಾರಂತ ಯಾರೂ ನೆನಸೂದಿಲ್ಲ."

ಕಸ್ತೂರಿಬಾಯಿ ಅಕ್ಕನ ಕಾಲಿಗೆ ಎಣ್ಣೆ ತೀಡುತ್ತಿದ್ದಳು. ತಲೆ ಎತ್ತದೆ, ತನ್ನ ಸಮದನಿಯಲ್ಲೇ ಕೇಳಿದಳು: "ಅಕ್ಕ ಹೋದಳೇನ್ರಿ ಹಂಗಾರ?"

ರೇವಣ್ಣ ಚೀಲ ತೆಗೆದುಕೊಂಡು ಹೊರಬಿದ್ದ.

*

ಅಂದು ಮಧ್ಯಾಹ್ನ ಅವನು ಎಂದಿನ ಖಾನಾವಳಿಯಲ್ಲಿ ಕುಳಿತಿದ್ದ. ಆರು ವರ್ಷದಿಂದ ಅದೇ ಮೂಲೆ, ಅದೇ ಬೆಂಚು, ಎದುರಿಗೆ ಗೋಡೆ. ಖಾನಾವಳಿಯ ನೀಲವ್ವ ಬುಟ್ಟಿ ಹಿಡಿದು ಬಂದಳು.

"ಇವತ್ತ ಬದನಿಕಾಯಿ ಎಣ್ಣಿಗಾಯಿ ಐತಿ, ಬದನಿಕಾಯಿ ಭರ್ತಾ ಐತಿ, ಬದನಿಕಾಯಿ ಬಜಿನೂ ಐತಿ. ಯಾವುದು ಹಾಕಲಿ?"

ರೇವಣ್ಣನಿಗೆ ಬದನೆಕಾಯಿ ಆಗಿಬರುವುದಿಲ್ಲ. ತಿಂದರೆ ಮೈಯೆಲ್ಲ ತುರಿಕೆ. ಆದರೆ ಅಂದು ಅವನಿಗೆ ಅದನ್ನು ಹೇಳುವಷ್ಟು ಜೀವವೂ ಇರಲಿಲ್ಲ. ಸುಮ್ಮನೆ ಕುಳಿತ. ನೀಲವ್ವ ಇನ್ನೊಮ್ಮೆ ಕೇಳಿದಳು. ಅವನು ಸುಮ್ಮನೆ.

"ಇವತ್ತ ಹಸಿವಿಲ್ಲ ಕಾಣಸ್ತೈತಿ ಪ್ರಾಂಪ್ಟರ್‌ಗ," ಎಂದು ಆಕೆ ತಟ್ಟೆ ಎತ್ತಿಕೊಂಡು ಹೋದಳು.

ಹೊಟ್ಟೆ ಚುರುಗುಟ್ಟುತ್ತಿತ್ತು. ಖಾಲಿ ಬೆಂಚನ್ನು ನೋಡುತ್ತ ಅವನು ಮೊದಲು ಅಂದುಕೊಂಡದ್ದು, ಹಸಿವಿಲ್ಲ ಎಂದು ಯಾರು ಹೇಳಿದರು ಇವಳಿಗೆ? ಮೂರೂ ಬದನೆಕಾಯಿಯೇ ತಂದರೆ ಏನು ಹೇಳಲಿ?

ಆಮೇಲೆ ಅವನು ನೀರಿನ ಲೋಟ ಕೆಳಗಿಟ್ಟ. ಅಳುತ್ತ ನಿಜ ಹೇಳುತ್ತಾಳೆ, ಹಾಡುತ್ತ ನಿಜ ಹೇಳುತ್ತಾಳೆ, ಬೈಯುತ್ತ ನಿಜ ಹೇಳುತ್ತಾಳೆ. ಅವನು ಹದಿನಾರು ದಿನ ಚಂದ್ರಾಬಾಯಿಗೆ ಬದನೆಕಾಯಿ ಬಡಿಸಿದ್ದ.

ಒಂದು ಹಳೆಯ ಸಂಗತಿ ಅದರ ಹಿಂದೆಯೇ ಬಂತು. ಕಂಪನಿ ಬಿಡಾರ ಹೂಡಿದ್ದ ಗಜೇಂದ್ರಗಡದ ಕ್ಯಾಂಪು. ತುಂಬಿದ ಥಿಯೇಟರು. ಚಂದ್ರಾಬಾಯಿ ಸತ್ತ ಮಗನ ಅಂಗಿ ಹಿಡಿದು ರಂಗದ ನಡುವೆ ನಿಂತಿದ್ದರು. ಮಾತು ಬರಲಿಲ್ಲ. ಒಂದು, ಎರಡು, ಮೂರು ಉಸಿರು. ರೇವಣ್ಣ ಗಾಬರಿಯಾಗಿ, "ಅಯ್ಯೋ ಕಂದಾ, ನನ್ನ ಬಿಟ್ಟು ಹೋದೆಯಾ" ಎಂದು ಮುಂದಿನ ಸಾಲನ್ನು ಎಸೆದ. ಮೊದಲ ಮೂರು ಸಾಲಿನ ಪ್ರೇಕ್ಷಕರಿಗೂ ಕೇಳಿಸುವಷ್ಟು ಜೋರಾಗಿ. ಜನ ಗೊಳ್ಳೆಂದು ನಕ್ಕರು. ಆಟ ಮುಗಿದ ಮೇಲೆ ಚಂದ್ರಾಬಾಯಿ ಬಣ್ಣ ಒರೆಸಿಕೊಳ್ಳುತ್ತ ಹೇಳಿದ್ದು ಇಷ್ಟೇ: "ನಾ ಮರತಿದ್ದಿಲ್ಲ ರೇವಣ್ಣ. ನಿಂತಿದ್ದೆ." ಆ ಕ್ಯಾಂಪು ಮುಗಿಯುವವರೆಗೆ ಅವನ ಕೂಡ ಮಾತಾಡಿರಲಿಲ್ಲ, ಈಗ ಹೆಸರಿನ ಪರೀಕ್ಷೆಗೂ ಉತ್ತರಿಸದ ಹಾಗೆಯೇ.

ಪ್ರಾಂಪ್ಟರಿಗೆ ಸುಮ್ಮನಿರುವುದು ಎಂದರೆ ಮರೆವು. ಅವನ ಕಸುಬೇ ಹಾಗೆ, ಅವನಿಗೆ ಗೊತ್ತಿರುವುದು ಮುಂದಿನ ಒಂದೇ ಸಾಲು.

ಅವನು ಉಣ್ಣದೆಯೇ ಎದ್ದು ಬಸ್ಸು ಹಿಡಿದ.

*

"ನಾಲ್ಕನೇ ಚೀಟಿ ಒಂದು ಬೇಕ್ರಿ," ಎಂದ ಫರ್ಹಾನಾಳ ಮುಂದೆ ನಿಂತು, ಏದುಸಿರಿನಲ್ಲಿ. "ಯಾವುದೂ ಅಲ್ಲ ಅಂತ."

ಅವಳು ಅವನನ್ನೇ ನೋಡಿದಳು. ಆರಿದ ಚಹಾ ಮೇಜಿನ ಮೇಲಿಟ್ಟಳು. "ನಾ ಎಂಥಾ ಕತ್ತೆ," ಎಂದಳು ಮೆಲ್ಲಗೆ. "ಬ್ಯಾಡ ಅನ್ನಾಕ ದಾರೀನ ಇಟ್ಟಿಲ್ಲ. ಏನೂ ಎಣಿಸದಿದ್ರ ಗೆರಿ ಸಪಾಟ. ಬುದ್ಧಿ ಇಲ್ಲದಿದ್ರೂ ಸಪಾಟ. ಎರಡೂ ಒಂದ ನಮೂನಿ ಕಾಣಸ್ತೈತಿ."

ಕಸ್ತೂರಿಬಾಯಿ "ಬ್ಯಾರೆ" ಎಂಬ ಒಂದು ಶಬ್ದವನ್ನು ಮೈಕಿಗೆ ಹೇಳಿದಳು. ಉಳಿದ ಶಬ್ದಗಳಷ್ಟೇ ಎತ್ತರ, ಅಷ್ಟೇ ಉದ್ದ. ಮರುದಿನ ಹತ್ತು ಗಂಟೆಗೆ ಹಳೆಯ ಮೂರು ಚೀಟಿಗಳ ಜೊತೆ ಅದನ್ನೂ ಸೇರಿಸಿದರು. ರೇವಣ್ಣ ಹಾಸಿಗೆಯ ಪಕ್ಕ ಬಾಗಿ ಹೇಳಿದ: "ಅಕ್ಕಾರ, ಈ ಮೂರೂ ನಿಮಗ ಬ್ಯಾಡಾದ್ರ, 'ಬ್ಯಾರೆ' ಅನ್ನೂದನ್ನ ಎಣಿಸ್ರಿ. ಅದು ಬಂದ್ರ ತಪ್ಪು ನಂದು. ನಾ ಮನಿಗೆ ಹೋಗಿ ಹೊಸಾ ಚೀಟಿ ಬರಕೊಂಡು ಮರುದಿನ ಬರಬೇಕು. ಅದು ಕರಾರು."

ಹನ್ನೆರಡನೆಯ ಸುತ್ತಿಗೇ ಗೆರೆ ಏಳತೊಡಗಿತು. ನಲವತ್ತನೆಯದಕ್ಕೆ ಅದು ಗುಡ್ಡವಾಗಿ ನಿಂತಿತ್ತು, ಮಿಕ್ಕ ಮೂರರ ಕೆಳಗೆ ಬಯಲು. ಫರ್ಹಾನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಸ್ತೂರಿಬಾಯಿ ಅಕ್ಕನ ಹಣೆಗೆ ಹಣೆ ಹಚ್ಚಿ ಅತ್ತಳು. ಅವಳ ದನಿ ಅಂದು ಮೊದಲ ಸಲ ಒಡೆದದ್ದನ್ನು ರೇವಣ್ಣ ಕೇಳಿದ.

ಸಮಿತಿಗೆ ಒಂದು ಗುಡ್ಡ ಸಾಲದು ಎಂದು ಫರ್ಹಾನಾಳಿಗೆ ಗೊತ್ತಿತ್ತು. ಬೇಡ ಎಂದದ್ದಾಯಿತು, ಬೇಕು ಎಂದೂ ತೋರಿಸಬೇಕು. ಸೋಮವಾರಕ್ಕೆ ಮೂರು ದಿನ ಉಳಿದಿತ್ತು, ನಡುವೆ ಕೇಂದ್ರಕ್ಕೆ ಎರಡು ದಿನ ರಜೆ. ಅವಳು ಒಂದು ಹಾಳೆ ತೆಗೆದುಕೊಂಡಳು. ರೇವಣ್ಣನೂ ಅವಳೂ ಕುಳಿತು ಚೀಟಿ ಬರೆಯುವ ರೀತಿಯನ್ನು ಮೊದಲಿನಿಂದ ಕಲಿತರು.

ನಾಗವ್ವ ಹೇಗೆ ಮಾಡುತ್ತಾಳೆ ಎಂಬುದರಲ್ಲಿ ಫರಕು ಇದ್ದರೆ ಸಾಲದು, ಏನು ಮಾಡುತ್ತಾಳೆ ಎಂಬುದರಲ್ಲೇ ಇರಬೇಕು. ಎರಡು ಚೀಟಿ ಹಿಡಿದು ನೋಡು, ಮುಂದಿನ ಅಂಕ ಎರಡಕ್ಕೂ ಒಂದೇ ಆಗುತ್ತದೆಯೇ? ಆದರೆ ಅದು ಒಂದೇ ಚೀಟಿ, ಹರಿದು ಬಿಸಾಡು. ಪ್ರತಿ ಚೀಟಿಯಲ್ಲೂ ಆ ದಾರಿ ಹಿಡಿದರೆ ಮುಂದೆ ಏನು ಬೆಳೆಯುತ್ತದೆ, ಹಿಂದೆ ಬರೆದದ್ದರಲ್ಲಿ ಏನು ಮುರಿಯುತ್ತದೆ, ಯಾವ ಎಳೆ ನೇತಾಡುತ್ತ ಉಳಿಯುತ್ತದೆ, ರಂಗದ ಮೇಲೆ ಯಾರಿಗೆ ಕೆಲಸವಿರುತ್ತದೆ, ಯಾರಿಗೆ ಇರುವುದಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಸಂಭಾಷಣೆ ಬರೆಯಕೂಡದು. ಕವಲಿನಲ್ಲಿ ನಿಲ್ಲಬೇಕು, ದಾರಿಯಲ್ಲಿ ನಡೆದುಬಿಡಬಾರದು, ನಡೆಯುವವರು ಅವರು. ಎಲ್ಲ ಚೀಟಿಯೂ ಹೆಚ್ಚು ಕಡಿಮೆ ಒಂದೇ ಉದ್ದ, ಯಾವುದಕ್ಕೂ ಸಿಂಗಾರವಿಲ್ಲ. ತನಗೆ ಇಷ್ಟವಾದದ್ದನ್ನು ಚೆಂದ ಮಾಡಿ, ಬೇಡವಾದದ್ದನ್ನು ಕುಂಟನ ಹಾಗೆ ನಿಲ್ಲಿಸಿದರೆ ಅದು ಆಯ್ಕೆಯಲ್ಲ, ಮೋಸ.

"ನಿಮಗ ಇಷ್ಟ ಇಲ್ಲದ್ದನ್ನ ಮೊದಲ ಬರೀರಿ," ಎಂದಳು ಫರ್ಹಾನಾ. "ಅದನ್ನ ಇಷ್ಟಪಡೋರು ಓದಿದ್ರ ಹೌದು ಅನ್ನಬೇಕು, ಹಂಗ ಬರೀರಿ."

ಇಲ್ಲಿ ರೇವಣ್ಣನ ಕಷ್ಟ ಶುರುವಾಯಿತು. ಕೋಣೆಗೆ ಬಂದು ಟ್ರಂಕಿನ ಮೇಲೆ ಹಾಳೆ ಹರಡಿ ಕುಳಿತಾಗ ಅವನಿಗೆ ಕಂಡ ದಾರಿಗಳು ಮೂರು. ನಾಗವ್ವ ನಿಜ ಹೇಳುವುದು ಒಂದು. ಕಳ್ಳತನವನ್ನು ತನ್ನ ತಲೆಗೆ ಹಾಕಿಕೊಳ್ಳುವುದು ಒಂದು. ಚಾವಡಿಯಲ್ಲಿ ಹಾರಿಕೆಯ ಮಾತಾಡಿ, ಜಯಸಿಂಹನನ್ನು ಒಬ್ಬನನ್ನೇ ಕಂಡು ಗುಟ್ಟು ಒಪ್ಪಿಸುವುದು ಒಂದು. ಈ ಕೊನೆಯದರಿಂದ ನಾಟಕಕ್ಕೆ ಒಂದು ಇಡೀ ಅಂಕ ಬೆಳೆಯುತ್ತಿತ್ತು. ಒಂದು ಅಂಕ ಎಂದರೆ ಐವತ್ತು ಅರವತ್ತು ಕವಲು. ದಿನಕ್ಕೊಂದರಂತೆ ಎರಡು ತಿಂಗಳು ಹತ್ತು ಗಂಟೆಗೆ ಹೋಗಲು ಒಂದು ಜಾಗ, ಕಾಯುವ ಒಂದು ಜೀವ. ಅವನ ಪೆನ್ನು ಆ ಚೀಟಿಯ ಮೇಲೆ ತಾನಾಗಿ ಓಡಿತು. ಬರೆದು ನೋಡಿದರೆ ಉಳಿದವಕ್ಕಿಂತ ಎರಡರಷ್ಟು ಉದ್ದ.

ನಾಚಿಕೆಯಾಗಿ ಹೊಡೆದುಹಾಕಿದ.

ಆಮೇಲೆ ನಾಲ್ಕನೆಯ ದಾರಿಯೂ ಕಂಡಿತು. ಗಜೇಂದ್ರಗಡದಿಂದ ಅದು ಅವನ ಜೊತೆಗೇ ಇತ್ತು, ಅವನು ಅದರ ಮುಖ ನೋಡಿರಲಿಲ್ಲ. ನಾಗವ್ವ ಸುಮ್ಮನೆ ನಿಲ್ಲುತ್ತಾಳೆ. ಅದನ್ನು ಬರೆಯುವುದಕ್ಕೆ ಅವನಿಗೆ ಒಂದು ಇಡೀ ದಿನ ಹಿಡಿಯಿತು. ಆ ದಾರಿ ಹಿಡಿದರೆ ನಾಟಕ ಅಲ್ಲಿಗೇ ಮುಗಿಯುತ್ತದೆ ಎಂದು ಬರೆಯಬೇಕಿತ್ತು. ಬರೆಯದೆ ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಚೀಟಿಯನ್ನೇ ಬಿಟ್ಟರೂ ಗೊತ್ತಾಗುತ್ತಿರಲಿಲ್ಲ. ಅವನೊಬ್ಬನಿಗೆ ಗೊತ್ತಾಗುತ್ತಿತ್ತು.

*

ಸೋಮವಾರ ಹತ್ತು ಗಂಟೆ. ಸಮಿತಿಯ ಇಬ್ಬರು ಗೋಡೆಗೆ ಒರಗಿ ನಿಂತಿದ್ದರು. ರೇವಣ್ಣ ಕನ್ನಡಕ ಏರಿಸಿ, ಕಸ್ತೂರಿಬಾಯಿಯಿಂದ ಕಲಿತ ಸಮದನಿಯಲ್ಲಿ ಓದಿದ.

"ಅಕ್ಕಾರ, ಜಯಸಿಂಹ ಕೇಳ್ಯಾನ, ಕಡಗ ಹೆಂಗ ಬಂತು ಅಂತ. ನಾಗವ್ವ ಏನು ಮಾಡ್ತಾಳ? ದಾರಿ ನಾಕದಾವು, ಐದನೇದು ಬ್ಯಾರೆ.

"ಮೊದಲನೇದು, ಗುರುತು 'ಬಾಗಿಲು'. ಅಕಿ ಎಲ್ಲಾರ ಮುಂದ ನಿಜಾ ಹೇಳ್ತಾಳ. ಬೀರಪ್ಪ ಉಳೀತಾನ. ಒಂದನೇ ಅಂಕದ ಆಣಿ ಮುರೀತದ, ಮುರದದ್ದಕ್ಕ ಕಾರಣ ಕೊಡಬೇಕಾಗ್ತದ. ಮೂರನೇ ಅಂಕ ಪೂರ್ತಿ ಜಯಸಿಂಹಂದು, ನಾಗವ್ವಗ ಅದ್ರಾಗ ಕೆಲಸಿಲ್ಲ.

"ಎರಡನೇದು, 'ಹಗ್ಗ'. ಕದ್ದಾಕಿ ನಾನ ಅಂತ ಸುಳ್ಳು ಹೇಳ್ತಾಳ. ಆಣಿ ಉಳೀತದ, ಬೀರಪ್ಪನೂ ಉಳೀತಾನ. ಅಕಿಗೆ ಊರು ತಪ್ಪತದ. ನಿಜಾ ನೋಡೋರಿಗೆ ಮಾತ್ರ ಗೊತ್ತು, ರಂಗದ ಮ್ಯಾಲ ಯಾರಿಗೂ ಇಲ್ಲ. ಜಯಸಿಂಹ ಇದ್ದಂಗ ಇರ್ತಾನ. ಇನ್ನೊಂದು ದೃಶ್ಯ ಬೇಕು.

"ಮೂರನೇದು, 'ದೀಪ'. ಅಲ್ಲಿ ಹಾರಿಕಿ ಮಾತಾಡಿ, ಜಯಸಿಂಹಗ ಒಬ್ಬಗ ಹೇಳ್ತಾಳ. ಆಣಿ ಅರ್ಧಾ ಮುರೀತದ. ಅಪ್ಪಗ ಶಿಕ್ಷಾ ಕೊಡಬೇಕೋ, ಗಾದಿ ಬಿಡಬೇಕೋ, ಆ ಭಾರ ಅವನ ಮ್ಯಾಲ. ಒಂದು ಇಡೀ ಅಂಕ ಬೆಳಿತದ, ಎರಡು ತಿಂಗಳ ಕೆಲಸ. ಚಾವಡಿ ದೃಶ್ಯದ ಬಿಸಿ ಇಳೀತದ.

"ನಾಕನೇದು, 'ನೆರಳು'." ಅವನು ಹಾಳೆ ತಿರುವಿದ. "ಅಕಿ ಬಾಯಿ ಬಿಡೂದಿಲ್ಲ. ಆಣಿ ಪೂರಾ ಉಳೀತದ. ಬೀರಪ್ಪಗ ಶಿಕ್ಷಾ ಆಗ್ತದ, ಅದಕ್ಕ ಅಕಿನೂ ಹೊಣಿ. ಜಯಸಿಂಹ ಅಕಿ ಮುಖಾ ನೋಡ್ತಾನ. ತಿಳಕೊಂಡನೋ ಇಲ್ಲೋ ಅನ್ನೂದು ನೇತಾಡ್ತನ ಉಳೀತದ. ಪರದಿ ಅಲ್ಲೇ ಬೀಳ್ತದ. ಮೂರನೇ ಅಂಕ ಇಲ್ಲ. ನಾಟಕ ಇವತ್ತ ಮುಗೀತದ."

ಮೂರು ಸಲ ಓದಿದ. ಪ್ರತಿ ಸಲವೂ ಕೊನೆಯ ಸಾಲಿಗೆ ದನಿ ನಡುಗದಂತೆ ನೋಡಿಕೊಂಡ. ಮೂವತ್ತೆಂಟು ವರ್ಷದ ಕಸುಬಿನಲ್ಲಿ ಅವನು ಮಾಡಿದ ಅತಿ ಕಷ್ಟದ ಕೆಲಸ ಅದು, ನೋಡಿದವರಿಗೆ ಒಬ್ಬ ಮುದುಕ ಹಾಳೆ ಓದಿದಂತೆ ಕಂಡಿತು.

ಕಸ್ತೂರಿಬಾಯಿಯ ದನಿ ಶುರುವಾಯಿತು. ಹಗ್ಗ, ನೆರಳು, ಬಾಗಿಲು, ಬ್ಯಾರೆ, ದೀಪ. ದೀಪ, ಹಗ್ಗ, ಬ್ಯಾರೆ, ನೆರಳು, ಬಾಗಿಲು. ರೇವಣ್ಣ ಪರದೆಯ ಕಡೆ ನೋಡಲಿಲ್ಲ, ಚಂದ್ರಾಬಾಯಿಯ ಮುಖ ನೋಡುತ್ತ ಕುಳಿತ. ಆ ಮುಖದಲ್ಲಿ ಏನೂ ಇರಲಿಲ್ಲ. ಇದ್ದದ್ದನ್ನು ತೋರಿಸುವ ನರಗಳಿರಲಿಲ್ಲ, ಅಷ್ಟೆ. ಎಷ್ಟೋ ವರ್ಷ ಅವನೂ ಹೀಗೆಯೇ ಮರೆಯಲ್ಲಿ ಕುಳಿತು ಈ ಮುಖವನ್ನು ಪಕ್ಕದಿಂದ ನೋಡಿದ್ದ. ಒಂದು ಮಾತು ಆಡಬೇಕೆಂದಿದ್ದ, ಆಡಿರಲಿಲ್ಲ. ತನ್ನ ಸಾಲನ್ನು ತನಗೆ ಪಿಸುಗುಟ್ಟುವವರು ಯಾರೂ ಇರಲಿಲ್ಲ.

"ನೆರಳು," ಎಂದಳು ಫರ್ಹಾನಾ.

ಗೋಡೆಗೆ ಒರಗಿದ್ದವರು ಹತ್ತಿರ ಬಂದು ಬಗ್ಗಿ ನೋಡಿದರು. ಒಂದೇ ಗುಡ್ಡ, ಸಂಶಯಕ್ಕೆ ಎಡೆಯಿಲ್ಲ. ಒಬ್ಬರು, "ಟೊಪ್ಪಿಗೆ ಇವರ ಹತ್ತಿರವೇ ಇರಲಿ. ಉಳಿದವರಿಗೆ ಇನ್ನೊಂದನ್ನು ತರಿಸೋಣ," ಎಂದು ಇನ್ನೊಬ್ಬರಿಗೆ ಹೇಳಿದರು. ಕಸ್ತೂರಿಬಾಯಿ ಅಕ್ಕನ ಕೈ ಹಿಡಿದಳು.

ಚಂದ್ರಾಬಾಯಿ ಬದುಕಿದ್ದಾರೆ ಎಂದು ಕಾಗದದ ಮೇಲೆ ದಾಖಲಾಯಿತು. ನಾಟಕ ಮುಗಿಯಿತು. ಎರಡೂ ಒಂದೇ ಗುಡ್ಡದಿಂದ. ರೇವಣ್ಣನಿಗೆ ಮೊದಲನೆಯದಕ್ಕೆ ಹಿಗ್ಗಬೇಕೆನಿಸಿತು, ಹಿಗ್ಗಿದ ಕೂಡ. ಆದರೆ ಎದೆಯೊಳಗೆ ಪರದೆ ಬಿದ್ದ ಸದ್ದು ಕೇಳಿಸಿತು. ಹಸ್ತಪ್ರತಿಯ ಕೊನೆಯ ಹಾಳೆ ತೆಗೆದು, ಒಂದೇ ಸಾಲು ಬರೆದ: ನಾಗವ್ವ ನಿಲ್ಲುತ್ತಾಳೆ. ಕೆಳಗೆ, ಕಂಪನಿಯ ಪದ್ಧತಿಯಂತೆ, ಎರಡು ಗೆರೆ ಎಳೆದ.

"ಇನ್ನ ಹದಿನೈದು ನಿಮಿಷ ಗಮನಾ ಐತಿ ಅವರಿಗೆ," ಎಂದಳು ಫರ್ಹಾನಾ. "ಇನ್ನೊಂದು ಆಯ್ಕಿ ಮಾಡಬಹುದು. ಏನರ ಕೇಳೂದೈತೇನ್ರಿ?"

ಅವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. ಹಾಳೆಯಿಲ್ಲದೆಯೇ ಹೇಳಿದ.

"ಅಕ್ಕಾರ, ನಾಳಿಂದ ಏನು? ಶಬ್ದ ಅವ ಇರಲಿ. 'ಬಾಗಿಲು' ಅಂದ್ರ ಹೊಸಾ ನಾಟಕ ಹಚ್ಚತೀವಿ. ನಿಮಗ ದಣಿವು ಭಾಳ ಆಗ್ತದ, ಮುಗಿತದೋ ಇಲ್ಲೋ ನಾ ಹೇಳಲಾರೆ. 'ದೀಪ' ಅಂದ್ರ ನಿಮ್ಮ ಹಳೇ ನಾಟಕ ಟ್ರಂಕಿನ್ಯಾಗಿಂದ ತಂದು ಓದತೀನಿ. ನೀವು ಕೇಳೂದಷ್ಟ, ಆರಿಸೂದು ಏನೂ ಇರೂದಿಲ್ಲ. 'ಹಗ್ಗ' ಅಂದ್ರ ನೀವು ವಿಶ್ರಾಂತಿ ತಗೋತೀರಿ, ನಾ ಬರೂದಿಲ್ಲ. ನನಗ ಅದು..." ಅಲ್ಲಿಗೆ ನಿಂತ. ತನ್ನ ಇಷ್ಟವನ್ನು ಚೀಟಿಗೆ ಬೆರೆಸಕೂಡದು. "ನಾ ಬರೂದಿಲ್ಲ, ಅಷ್ಟ. ಈ ಮೂರೂ ಅಲ್ಲಂದ್ರ 'ಬ್ಯಾರೆ' ಐತಿ."

ಹದಿನೈದು ನಿಮಿಷ ಮುಗಿಯುವವರೆಗೆ ಅವನು ತನ್ನ ಚಪ್ಪಲಿಯ ಹರಿದ ಉಂಗುಷ್ಠವನ್ನೇ ನೋಡಿದ. ಟೊಪ್ಪಿಗೆಯ ದೀಪ ಆರಿತು. ಫರ್ಹಾನಾ ಪರದೆಯನ್ನು ಅವನ ಕಡೆ ತಿರುಗಿಸಿದಳು.

ಹೊಸ ನಾಟಕದ ಕೆಳಗೆ ಬಯಲು. ಹಳೆಯದರ ಕೆಳಗೆ ಬಯಲು. ಬರಬೇಡ ಎಂಬುದರ ಕೆಳಗೂ ಬಯಲು. ಕೊನೆಯ ಶಬ್ದದ ಮೇಲೆ, ಅಷ್ಟು ದಣಿದಿದ್ದರೂ, ಗುಡ್ಡ.

"ಬ್ಯಾರೆ," ಎಂದ ರೇವಣ್ಣ. ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಹಂಗಂದ್ರ ಏನು ಬೇಕಾಗೇತಿ ಅವರಿಗೆ?"

"ಗೊತ್ತಿಲ್ರಿ," ಎಂದಳು ಫರ್ಹಾನಾ. "ಕರಾರು ಮಾಡಿದವರು ನೀವ. ಅದು ಬಂದ್ರ ಏನು ಮಾಡಬೇಕಂದಿದ್ರಿ?"

ಅವನು ಚಂದ್ರಾಬಾಯಿಯ ಮುಖ ನೋಡಿದ. ಕಿಟಕಿಯ ಬಿಸಿಲು ಅವರ ಕೆನ್ನೆಯ ಮೇಲೆ ಬಿದ್ದಿತ್ತು. ತಪ್ಪು ನಂದು, ಎಂದಿದ್ದ. ಮನೆಗೆ ಹೋಗಿ ಹೊಸ ಚೀಟಿ ಬರೆದುಕೊಂಡು ಮರುದಿನ ಬರಬೇಕು, ಎಂದಿದ್ದ. ಅವನು ಏನೂ ಹೇಳದೆ ಸ್ವಲ್ಪ ಹೊತ್ತು ನಿಂತ. ಮರೆತಿರಲಿಲ್ಲ.

ಆಮೇಲೆ ಕಸ್ತೂರಿಬಾಯಿಯಿಂದ ನಾಲ್ಕು ಬಿಳಿ ಹಾಳೆ ಕೇಳಿ ಇಸಿದುಕೊಂಡು, ಮಡಚಿ ಜೇಬಿನಲ್ಲಿಟ್ಟುಕೊಂಡು, "ನಾಳೆ ಹತ್ತಕ್ಕ ಬರ್ತೀನ್ರಿ ಅಕ್ಕಾರ," ಎಂದ.